ವ್ಯೂಸ್ ಹಾಗೇ ಇದೆ, ಆದಾಯ ಮಾತ್ರ ಕುಸಿದಿದೆ. ಬಿಜಿಎಂ ಕ್ಲೇಮ್ ಬಂದರೆ ಹೀಗೇ ಆಗುತ್ತದಾ?

ಮರದ_ಮೇಜು

ಎಲ್ಲರಿಗೂ ನಮಸ್ಕಾರ. ನನ್ನದು ಮರಗೆಲಸ ಕಲಿಸುವ ಯೂಟ್ಯೂಬ್ ಚಾನೆಲ್. ದಿನಕ್ಕೆ ಸುಮಾರು 10,000 ವ್ಯೂಸ್ ಬರುತ್ತದೆ. ಅದರಲ್ಲಿ 6,000 ಒಂದೇ ವಿಡಿಯೋದ್ದು, ಉಳಿ ಸಾಣೆ ಹಿಡಿಯುವುದು ಹೇಗೆ ಅಂತ ತೋರಿಸುವ 14 ನಿಮಿಷದ ವಿಡಿಯೋ. ಒಂದೂವರೆ ವರ್ಷದ ಹಿಂದೆ ಹಾಕಿದ್ದು.

ಕಳೆದ ತಿಂಗಳ 14ನೇ ತಾರೀಖಿನಿಂದ ನನ್ನ ಆದಾಯ ದಿಢೀರ್ ಅಂತ ಇಳಿದಿದೆ. ರಿಪೋರ್ಟ್ ಡಾಲರ್‌ನಲ್ಲಿ ನೋಡುತ್ತೇನೆ. ದಿನಕ್ಕೆ 20 ಬರುತ್ತಿದ್ದದ್ದು ಈಗ 8. ಆದರೆ ವ್ಯೂಸ್ ಅಷ್ಟೇ ಇದೆ. ಇಂಪ್ರೆಷನ್ ಅಷ್ಟೇ ಇದೆ. ಥಂಬ್‌ನೇಲ್ ಒತ್ತುವವರ ಪ್ರಮಾಣವೂ ಬದಲಾಗಿಲ್ಲ. ಚಾನೆಲ್ ಆರ್‌ಪಿಎಂ ಮಾತ್ರ 2ರಿಂದ 0.8ಕ್ಕೆ ಬಂದಿದೆ.

ಎರಡು ವಾರ ಜಾಹೀರಾತು ದರ ಕಡಿಮೆಯಾಗಿರಬೇಕು ಅಂತ ಅಂದುಕೊಂಡು ಸುಮ್ಮನಿದ್ದೆ. ಇವತ್ತು 3ನೇ ತಾರೀಖು. ಬೆಳಿಗ್ಗೆ ವಿಡಿಯೋ ಪಟ್ಟಿ ತೆರೆದಾಗ ಆ ವಿಡಿಯೋ ಎದುರಿಗೆ Copyright ಅಂತ ಕಂಡಿತು. ವಿಡಿಯೋ ಶುರುವಿನಲ್ಲಿ 22 ಸೆಕೆಂಡ್ ಒಂದು ಗಿಟಾರ್ ಟ್ಯೂನ್ ಇದೆ. ಅದರ ಮೇಲೆ ಕ್ಲೇಮ್. ಆ ಟ್ಯೂನ್‌ಗೆ ನಾನು ದುಡ್ಡು ಕೊಟ್ಟು ಲೈಸೆನ್ಸ್ ತಗೊಂಡಿದ್ದೇನೆ!

ನನ್ನ ಪ್ರಶ್ನೆ ಎರಡು. ಈ ಕುಸಿತಕ್ಕೆ ಕ್ಲೇಮ್ ಒಂದೇ ಕಾರಣ ಅಂತ ರಿಪೋರ್ಟ್ ನೋಡಿ ಖಚಿತ ಮಾಡಿಕೊಳ್ಳುವುದು ಹೇಗೆ? ಮುಂದೆ ರೀಚ್ ಕೂಡ ಬೀಳುತ್ತದಾ?

ನೇರಮಾತು

ಮೇಡಂ, ಮೊದಲು ಆ ವಿಡಿಯೋ ಡಿಲೀಟ್ ಮಾಡಿ. ಇಂಥವು ಮೂರು ಆದರೆ ಚಾನೆಲ್ಲೇ ಹೋಗುತ್ತದೆ. ನನ್ನ ಸ್ನೇಹಿತನಿಗೆ ಹಾಗೇ ಆಗಿದೆ.

ಕತ್ತರಿ_ಕೈ

ಡಿಲೀಟ್ ಮಾಡಬೇಡಿ! ದಯವಿಟ್ಟು ಬೇಡ. ನೇರಮಾತು ಅವರು ಹೇಳುತ್ತಿರುವುದು ಸ್ಟ್ರೈಕ್ ಬಗ್ಗೆ. ಹಕ್ಕುದಾರರು ವಿಡಿಯೋ ತೆಗೆಸಿ ಅಂತ ಕಾನೂನು ಪ್ರಕಾರ ಕೋರಿಕೆ ಕೊಟ್ಟರೆ ಬರುವುದು ಸ್ಟ್ರೈಕ್. ಅಂಥದ್ದು 90 ದಿನದೊಳಗೆ ಮೂರು ಬಂದರೆ ಚಾನೆಲ್‌ಗೆ ಅಪಾಯ, ಆ ಮಾತು ಸರಿ. ಇಲ್ಲಿ ಬಂದಿರುವುದು ಕಂಟೆಂಟ್ ಐಡಿ ಕ್ಲೇಮ್, ಅಂದರೆ ವಿಡಿಯೋದಲ್ಲಿ ತಮ್ಮ ಹಾಡು ಇದೆ ಅಂತ ಹಕ್ಕು ಕೇಳುವುದು ಅಷ್ಟೇ. ಇದಕ್ಕೆ ಸ್ಟ್ರೈಕ್ ಲೆಕ್ಕ ಇಲ್ಲ. ನೂರು ಕ್ಲೇಮ್ ಇದ್ದೂ ಆರಾಮವಾಗಿ ನಡೆಯುತ್ತಿರುವ ಚಾನೆಲ್‌ಗಳ ಸಂಕಲನ ನಾನೇ ಮಾಡುತ್ತೇನೆ.

ಮೇಡಂ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಅಂಕಿಗಳಲ್ಲೇ ಇದೆ. ಆರ್‌ಪಿಎಂ ಅಂದರೆ ಇಷ್ಟೇ:

```
ಆರ್‌ಪಿಎಂ = ಒಟ್ಟು ಆದಾಯ ÷ ಒಟ್ಟು ವ್ಯೂಸ್ × 1000
```

ಕೆಳಗೆ ಇರುವ ಒಟ್ಟು ವ್ಯೂಸ್‌ನಲ್ಲಿ ದುಡ್ಡು ತರದ ವ್ಯೂಸ್ ಕೂಡ ಸೇರುತ್ತದೆ. ಕ್ಲೇಮ್ ಆದ ವಿಡಿಯೋದ 6,000 ವ್ಯೂಸ್ ಕೆಳಗೆ ಹಾಗೇ ಉಳಿಯಿತು. ಅದರ ದುಡ್ಡು ಮಾತ್ರ ಮೇಲಿನಿಂದ ಹೋಯಿತು. ಅದಕ್ಕೇ 8 ಭಾಗ 10,000, ಸಾವಿರದಿಂದ ಗುಣಿಸಿದರೆ 0.8.

ಈಗ ಆ ವಿಡಿಯೋ ಬಿಟ್ಟು ಉಳಿದವುಗಳನ್ನು ಮಾತ್ರ ನೋಡಿ. 4,000 ವ್ಯೂಸ್, 8 ಡಾಲರ್. ಆರ್‌ಪಿಎಂ 2. ಅಂದರೆ ಉಳಿದ ಚಾನೆಲ್‌ಗೆ ಏನೂ ಆಗಿಲ್ಲ. ಜಾಹೀರಾತು ದರ ಬಿದ್ದಿದ್ದರೆ ಎಲ್ಲ ವಿಡಿಯೋದಲ್ಲೂ ಬೀಳಬೇಕಿತ್ತು ಅಲ್ವಾ?

ಇನ್ನೊಂದು ಪರೀಕ್ಷೆ ಮಾಡಿ. Advanced mode ತೆರೆದು Playback-based CPM ನೋಡಿ. ಅದು ನಿಮ್ಮ ಖಾತೆಗೆ ಬಂದ ಜಾಹೀರಾತುಗಳ ದರ. 14ರ ಹಿಂದೆ ಎಷ್ಟಿತ್ತು, ಮುಂದೆ ಎಷ್ಟಿದೆ ಹೇಳಿ.

ಮರದ_ಮೇಜು

ನೋಡಿದೆ ಸರ್. ಹಿಂದೆ 6.1, ಈಗ 6.0.

ಕತ್ತರಿ_ಕೈ

ಅಲ್ಲಿಗೆ ಮುಗಿಯಿತು. ದರ ನಿಂತಿದೆ, ಆರ್‌ಪಿಎಂ ಬಿದ್ದಿದೆ, ವ್ಯೂಸ್ ನಿಂತಿದೆ. ಈ ಮೂರೂ ಒಟ್ಟಿಗೆ ಕಂಡರೆ ನಾನು ಮೊದಲು ಹುಡುಕುವುದು ಕ್ಲೇಮನ್ನೇ. ಆ ಒಂದೇ ವಿಡಿಯೋದ ಆದಾಯದ ಗೆರೆ ತೆರೆದು ನೋಡಿ. 14ರಂದು ಕತ್ತರಿಸಿದ ಹಾಗೆ ನೆಲಕ್ಕೆ ಬಿದ್ದಿರುತ್ತದೆ.

ತೊಂದರೆ ಏನೆಂದರೆ ಆ ಗ್ರಾಫ್ ಮೇಲೆ ಕ್ಲೇಮ್ ಬಂದ ದಿನ ಅಂತ ಯಾವ ಗುರುತೂ ಬೀಳುವುದಿಲ್ಲ. ಗ್ರಾಫ್ ಒಂದು ಕಡೆ, ಕ್ಲೇಮ್ ವಿವರ ಇನ್ನೊಂದು ಕಡೆ. ಎರಡನ್ನೂ ನಾವೇ ಪಕ್ಕ ಪಕ್ಕ ಇಟ್ಟು ನೋಡಬೇಕು.

ಲೆಕ್ಕದ_ಪುಸ್ತಕ

ಜನವರಿಯಲ್ಲಿ ನನಗೂ ಇದೇ ಗೊಂದಲ ಆಗಿತ್ತು. ಆಗ ಜಾಹೀರಾತುದಾರರು ಖರ್ಚು ಕಡಿಮೆ ಮಾಡುತ್ತಾರೆ. ಆರ್‌ಪಿಎಂ ಬಿತ್ತು, ಜೊತೆಗೆ ಸಿಪಿಎಂ ಕೂಡ ಬಿತ್ತು. ನಾನು ಕ್ಲೇಮ್ ಇದೆ ಅಂತ ಹುಡುಕುತ್ತಾ ಕೂತಿದ್ದೆ, ಇರಲೇ ಇಲ್ಲ. ಕತ್ತರಿ ಸರ್ ಹೇಳಿದ ಹಾಗೆ ಎರಡನ್ನೂ ನೋಡಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು.

ಜಾಹೀರಾತು ಕಡಿಮೆ ಸಿಗುತ್ತದೆ ಅನ್ನುವ ಹಳದಿ ಡಾಲರ್ ಗುರುತು ಬಂದಾಗಲೂ ಒಂದು ವಿಡಿಯೋದ ಆದಾಯ ಮಾತ್ರ ಇಳಿಯುತ್ತದೆ. ಆದರೆ ಆಗ ಸಾಮಾನ್ಯವಾಗಿ ಪೂರ್ತಿ ನಿಲ್ಲುವುದಿಲ್ಲ, ಸ್ವಲ್ಪ ಸ್ವಲ್ಪ ಬರುತ್ತಿರುತ್ತದೆ.

ಹೊಸ_ಚಾನೆಲ್

ಕಾಪಿರೈಟ್ ಇಲ್ಲದ ಮ್ಯೂಸಿಕ್ ಎಲ್ಲಿ ಸಿಗುತ್ತದೆ ಅಂತ ಯಾರಾದರೂ ಹೇಳಿ. ನಾನೂ ಇದೇ ಸಮಸ್ಯೆಯಲ್ಲಿದ್ದೇನೆ.

ನೇರಮಾತು

ಅವರು ಕೇಳಿದ್ದು ಅದಲ್ಲ ಗುರು. ಸ್ಟುಡಿಯೋ ಒಳಗೇ Audio library ಇದೆ, ಅದರಿಂದ ತಗೋ.

ಕತ್ತರಿ ಸರ್, ಸ್ಟ್ರೈಕ್ ವಿಷಯ ಒಪ್ಪಿದೆ. ಆದರೆ ಒಂದು ಕೇಳುತ್ತೇನೆ. 14 ನಿಮಿಷದ ವಿಡಿಯೋದಲ್ಲಿ 22 ಸೆಕೆಂಡ್ ಸಂಗೀತಕ್ಕೆ ಪೂರ್ತಿ ದುಡ್ಡು ಹೋಗುವುದು ಯಾವ ನ್ಯಾಯ? ಚಿಕ್ಕ ತುಣುಕಿಗೆ ದುಡ್ಡು ತಗೊಳ್ಳುವ ಹಾಗಿಲ್ಲ ಅಂತ 2019ರಲ್ಲೇ ನಿಯಮ ಬಂದಿದೆಯಲ್ಲ?

ಕತ್ತರಿ_ಕೈ

ನಿಯಮ ಬಂದಿದೆ, ಆದರೆ ಕೈಯಾರೆ ಹಾಕುವ ಕ್ಲೇಮ್‌ಗೆ ಮಾತ್ರ. ಯಾರೋ ಕೂತು ವಿಡಿಯೋ ನೋಡಿ ಇದು ನಮ್ಮ ಹಾಡು ಅಂತ ಹಾಕುತ್ತಾರಲ್ಲ, ಅಂಥದ್ದಕ್ಕೆ. ತೀರಾ ಚಿಕ್ಕ ತುಣುಕು, ಅಥವಾ ಪಕ್ಕದಲ್ಲಿ ಹೋದ ಗಾಡಿಯಿಂದ ಕೇಳಿದ ಹಾಡು, ಇಂಥವನ್ನು ಹಿಡಿದು ದುಡ್ಡು ತಗೊಳ್ಳುವ ಹಾಗಿಲ್ಲ. ಯಂತ್ರವೇ ಹೊಂದಿಸಿ ನೋಡಿ ಹಾಕುವ ಕ್ಲೇಮ್‌ಗೆ ಆ ನಿಯಮ ಇಲ್ಲ. ಮತ್ತೆ ಕ್ಲೇಮ್‌ಗಳಲ್ಲಿ ನೂರಕ್ಕೆ 99ಕ್ಕಿಂತ ಜಾಸ್ತಿ ಯಂತ್ರವೇ ಹಾಕುವುದು.

ನ್ಯಾಯವಾ ಅಂತ ಕೇಳಿದರೆ, ನನ್ನ ಮಟ್ಟಿಗೆ ಅಲ್ಲ. 22 ಸೆಕೆಂಡಿಗೆ ತಕ್ಕ ಪಾಲು ಹೋಗಲಿ, ಉಳಿದದ್ದು ಮಾಡಿದವರಿಗೆ ಬರಲಿ. ಸದ್ಯಕ್ಕೆ ಹಾಗಿಲ್ಲ. ಪಾಲು ಹಂಚಿಕೊಳ್ಳುವ ವ್ಯವಸ್ಥೆ ಕೆಲವು ಕವರ್ ಹಾಡುಗಳಿಗೆ ಇದೆ, ಅದು ಬೇರೆ.

ತಾಳ_ಮೇಳ

ನಾನು ಆ ಕಡೆಯವನು. ಲೈಬ್ರರಿಗಳಿಗೆ ಟ್ಯೂನ್ ಮಾಡಿಕೊಡುತ್ತೇನೆ. ಲೈಸೆನ್ಸ್ ಇದ್ದರೂ ಕ್ಲೇಮ್ ಯಾಕೆ ಬರುತ್ತದೆ ಅಂತ ನನ್ನಿಂದಲೇ ಆದ ಒಂದು ತಪ್ಪಿನ ಕಥೆ ಹೇಳುತ್ತೇನೆ.

ಮೂರು ವರ್ಷದ ಹಿಂದೆ ಒಂದು ವೀಣೆ ಟ್ಯೂನ್ ಲೈಬ್ರರಿಗೆ ಕೊಟ್ಟೆ. ಬಹಳ ಜನ ತಗೊಂಡರು. ಆಮೇಲೆ ಅದೇ ಟ್ಯೂನನ್ನು ಹಾಡು ಕೇಳುವ ಆ್ಯಪ್‌ಗಳಿಗೂ ಹಾಕೋಣ ಅಂತ ಒಂದು ವಿತರಣೆ ಕಂಪನಿಗೆ ಕೊಟ್ಟೆ. ಅವರ ಫಾರ್ಮಿನಲ್ಲಿ ಕಂಟೆಂಟ್ ಐಡಿಗೆ ಸೇರಿಸಬೇಕಾ ಅಂತ ಒಂದು ಟಿಕ್ ಇತ್ತು. ಸೇರಿಸಿದೆ. ಟ್ಯೂನ್ ನನ್ನದೇ ಅಲ್ವಾ ಅಂತ.

ಹೊಸ ಟ್ಯೂನ್ ಅಲ್ಲಿ ಸೇರಿದ ಮೇಲೆ ಈ ಹಿಂದೆ ಅಪ್‌ಲೋಡ್ ಆದ ವಿಡಿಯೋಗಳನ್ನೂ ಯಂತ್ರ ಹುಡುಕುತ್ತದೆ. ಅದಕ್ಕೇ ಮೇಡಂ ಅವರ ಒಂದೂವರೆ ವರ್ಷದ ಹಳೆಯ ವಿಡಿಯೋಗೆ ಈಗ ಬಂದಿರಬೇಕು. ನನ್ನ ಟ್ಯೂನಿಗೆ ದುಡ್ಡು ಕೊಟ್ಟವರಿಗೇ ಕ್ಲೇಮ್ ಹೋಯಿತು. ಯಂತ್ರಕ್ಕೆ ಧ್ವನಿ ಗೊತ್ತು, ಲೈಸೆನ್ಸ್ ಗೊತ್ತಿಲ್ಲ. ಒಬ್ಬರು ಮೇಲ್ ಮಾಡಿ ಬೇಸರ ಹೇಳಿಕೊಂಡಾಗಲೇ ನನಗೆ ತಿಳಿದದ್ದು. ಒಂದು ವಾರ ಕೂತು ಕ್ಲೇಮ್ ಬಿಡಿಸಿದೆ. ಇವತ್ತಿಗೂ ಅದು ಮನಸ್ಸಿನಲ್ಲಿದೆ.

ಮೇಡಂ, ಲೈಬ್ರರಿಯವರಿಗೆ ಬರೆಯಿರಿ. ನಿಮ್ಮ ಚಾನೆಲ್ಲನ್ನು ವಿನಾಯಿತಿ ಪಟ್ಟಿಗೆ ಸೇರಿಸಲು ಕೇಳಿ. ಆಮೇಲೆ ಅವರ ಕಡೆಯಿಂದ ಹೊಸ ಕ್ಲೇಮ್ ಬರುವುದಿಲ್ಲ.

ಮರದ_ಮೇಜು

ತಾಳ_ಮೇಳ ಅವರೇ, ಇಷ್ಟು ನೇರವಾಗಿ ಹೇಳಿದ್ದಕ್ಕೆ ಧನ್ಯವಾದ. ನನಗೆ ಕ್ಲೇಮ್ ಹಾಕಿದ ಹೆಸರು ಲೈಬ್ರರಿಯದ್ದಲ್ಲ, ಬೇರೆ ಯಾವುದೋ. ನೀವು ಹೇಳಿದ ಹಾಗೇ ಆಗಿರಬಹುದು. ಲೈಸೆನ್ಸ್ ಪತ್ರ ಹುಡುಕಿ ಇಟ್ಟಿದ್ದೇನೆ. ಈಗ Dispute ಒತ್ತಲಾ? ಹೋದ 20 ದಿನದ ದುಡ್ಡು ವಾಪಸ್ ಬರುತ್ತದಾ?

ಕತ್ತರಿ_ಕೈ

ಲೈಸೆನ್ಸ್ ಕೈಯಲ್ಲಿದ್ದರೆ ಒತ್ತಿ. ಆದರೆ 20 ದಿನದ್ದು ಬರುವುದು ಕಷ್ಟ. ಬೇಜಾರಾಗುತ್ತದೆ, ಆದರೂ ಹೇಳಲೇಬೇಕು.

ಕ್ಲೇಮ್ ಬಂದ 5 ದಿನದೊಳಗೆ ತಕರಾರು ಹಾಕಿದರೆ ಮೊದಲ ದಿನದಿಂದಲೇ ದುಡ್ಡನ್ನು ಯಾರಿಗೂ ಕೊಡದೆ ಬದಿಗೆ ಇಡುತ್ತಾರೆ. ಕೊನೆಗೆ ಗೆದ್ದವರಿಗೆ ಪೂರ್ತಿ ಹೋಗುತ್ತದೆ. 5 ದಿನ ದಾಟಿದ ಮೇಲೆ ಹಾಕಿದರೆ, ಹಾಕಿದ ದಿನದಿಂದ ಮಾತ್ರ ತೆಗೆದಿಡುತ್ತಾರೆ. ನೀವು ನಾಳೆ 4ಕ್ಕೆ ಹಾಕಿದರೆ 4ರಿಂದ ಮುಂದಿನದು ಸುರಕ್ಷಿತ. 14ರಿಂದ 3ರವರೆಗಿನ 20 ದಿನ, ದಿನಕ್ಕೆ 12ರ ಲೆಕ್ಕದಲ್ಲಿ 240 ಡಾಲರ್, ಕ್ಲೇಮ್ ಮಾಡಿದವರ ಪಾಲಾಗಿದೆ.

ಆದ್ದರಿಂದಲೇ ಎಲ್ಲರಿಗೂ ಹೇಳುವುದು, ತಿಂಗಳ ಕೊನೆಗೆ ರಿಪೋರ್ಟ್ ನೋಡುವ ಅಭ್ಯಾಸ ಸಾಲದು. 5 ದಿನ ಅಂದರೆ ಬಹಳ ಕಡಿಮೆ. ಆದಾಯದ ಅಂಕಿ ಬರುವುದೇ ಸುಮಾರು ಎರಡು ದಿನ ತಡವಾಗಿ. ಗ್ರಾಫ್ ಬಿದ್ದದ್ದು ಕಣ್ಣಿಗೆ ಬೀಳುವಷ್ಟರಲ್ಲಿ ನಿಮಗೆ ಉಳಿಯುವುದು ಮೂರು ದಿನ.

ಲೆಕ್ಕದ_ಪುಸ್ತಕ

ಕ್ಲೇಮ್ ಬಂದಾಗ ಮೇಲ್ ಬರುತ್ತದಲ್ಲ, ಅದನ್ನು ನೋಡಲಿಲ್ಲವಾ?

ಮರದ_ಮೇಜು

ಚಾನೆಲ್ ನನ್ನ ತಮ್ಮನ ಮೇಲ್‌ನಲ್ಲಿ ಶುರುವಾಗಿದ್ದು. ಅವನು ಆ ಮೇಲ್ ತೆರೆಯುವುದೇ ಇಲ್ಲ. ಈಗ ಅವನಿಗೆ ಹೇಳಿ ನನ್ನ ವಿಳಾಸಕ್ಕೂ ಬರುವ ಹಾಗೆ ಮಾಡಿಸಿದ್ದೇನೆ.

ರಾತ್ರಿ_ಪಾಳಿ

ಮೇಡಂ, ಕ್ಲೇಮ್ ಬಂದರೆ ರೀಚ್ ಮೇಲೆ ಪರಿಣಾಮ ಇಲ್ಲ ಅಂತ ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನನ್ನ ಪ್ರವಾಸದ ವಿಡಿಯೋಗೆ ಕ್ಲೇಮ್ ಬಂದ ದಿನವೇ ವ್ಯೂಸ್ ಬಿತ್ತು. ದಿನಕ್ಕೆ 3,000 ಇದ್ದದ್ದು 1,800 ಆಯಿತು. ಕ್ಲೇಮ್ ಬಂದ ವಿಡಿಯೋವನ್ನು ಜನರಿಗೆ ತೋರಿಸುವುದನ್ನೇ ಕಡಿಮೆ ಮಾಡುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ.

ಕತ್ತರಿ_ಕೈ

ನೀವು ನೋಡಿದ್ದು ನಿಜ ಇರಬಹುದು. ಕಾರಣ ಬೇರೆ ಇರಬಹುದು. ಕ್ಲೇಮ್ ಮಾಡಿದವರು ಮೂರರಲ್ಲಿ ಒಂದು ಆರಿಸಿಕೊಳ್ಳುತ್ತಾರೆ. ದುಡ್ಡು ತಗೊಳ್ಳುವುದು, ಸುಮ್ಮನೆ ಅಂಕಿ ಗಮನಿಸುವುದು, ಅಥವಾ ತಡೆಯುವುದು. ಇದನ್ನು ದೇಶಕ್ಕೊಂದು ರೀತಿ ಇಡಬಹುದು. ಒಂದು ಕಡೆ ದುಡ್ಡು, ಇನ್ನೊಂದು ಕಡೆ ತಡೆ. ಬಹಳಷ್ಟು ಜನ ದುಡ್ಡನ್ನೇ ಆರಿಸುತ್ತಾರೆ, ಆದ್ದರಿಂದ ತಡೆ ಅನ್ನುವುದು ಒಂದಿದೆ ಅಂತಲೇ ನಮಗೆ ಮರೆತುಹೋಗುತ್ತದೆ.

Geography ತೆರೆದು ಕ್ಲೇಮ್‌ಗೆ ಮುಂಚಿನ ವಾರ, ನಂತರದ ವಾರ ಹೋಲಿಸಿ. ಯಾವುದಾದರೂ ದೇಶ ಸೊನ್ನೆ ಆಗಿದೆಯಾ?

ರಾತ್ರಿ_ಪಾಳಿ

ಹೌದು... ಎರಡು ದೇಶ ಪೂರ್ತಿ ಸೊನ್ನೆ. ಮುಂಚೆ ಆ ಎರಡರಿಂದ ದಿನಕ್ಕೆ ಸುಮಾರು 1,000 ಬರುತ್ತಿತ್ತು. See details ಒತ್ತಿದಾಗ ಅದೇ ಎರಡು ದೇಶಗಳ ಹೆಸರಿದೆ. ಇದನ್ನು ನಾನು ತೆರೆದೇ ನೋಡಿರಲಿಲ್ಲ.

ಆದರೂ ಲೆಕ್ಕ ಕೂಡುವುದಿಲ್ಲ. 1,200 ಹೋಗಿದೆ, ಅದರಲ್ಲಿ 1,000ಕ್ಕೆ ಉತ್ತರ ಸಿಕ್ಕಿತು. ಉಳಿದ 200? ಬೇರೆ ದೇಶಗಳಲ್ಲೂ ಸ್ವಲ್ಪ ಸ್ವಲ್ಪ ಇಳಿದಿದೆ.

ಕತ್ತರಿ_ಕೈ

ಆ 200 ಬಗ್ಗೆ ನಾನು ಖಚಿತವಾಗಿ ಹೇಳಲಾರೆ. ದುಡ್ಡು ಬರುತ್ತದಾ ಇಲ್ಲವಾ ಅನ್ನುವುದನ್ನು ನೋಡಿ ಶಿಫಾರಸು ಮಾಡುವುದಿಲ್ಲ ಅಂತ ಯೂಟ್ಯೂಬ್ ಹೇಳುತ್ತದೆ. ಮರದ_ಮೇಜು ಮೇಡಂ ಅವರ ಗ್ರಾಫ್ ಕೂಡ ಅದನ್ನೇ ತೋರಿಸುತ್ತದೆ, 20 ದಿನ ಕ್ಲೇಮ್ ಇದ್ದರೂ ಇಂಪ್ರೆಷನ್ ಅಲುಗಾಡಿಲ್ಲ. ನಿಮ್ಮ ವಿಡಿಯೋ ಎಷ್ಟು ಹಳೆಯದು? ಪ್ರವಾಸದ ವಿಡಿಯೋ ಋತು ಮುಗಿದರೆ ತಾನಾಗಿಯೇ ಇಳಿಯುತ್ತದೆ.

ರಾತ್ರಿ_ಪಾಳಿ

ಋತು ಇನ್ನೂ ಇತ್ತು ಸರ್. ಎರಡು ದೇಶದವರು ಹಂಚಿಕೊಂಡ ಲಿಂಕ್‌ನಿಂದ ಬೇರೆ ಕಡೆಯವರೂ ಬರುತ್ತಿದ್ದರೇನೋ. ನನಗೆ ಇನ್ನೂ ಸಮಾಧಾನ ಇಲ್ಲ, ಆದರೆ ದೊಡ್ಡ ಭಾಗ ಅರ್ಥವಾಯಿತು.

ಚುಟುಕು_ವಿಡಿಯೋ

ಶಾರ್ಟ್ಸ್ ಮಾಡುವವರಿಗೆ ಲೆಕ್ಕವೇ ಬೇರೆ. ನನ್ನ ಒಂದೂಕಾಲು ನಿಮಿಷದ ಶಾರ್ಟ್‌ಗೆ ಕ್ಲೇಮ್ ಬಂತು. ಮರುದಿನ ವ್ಯೂಸ್ ಪೂರ್ತಿ ಸೊನ್ನೆ. ಯಾವ ದೇಶದಲ್ಲೂ ಇಲ್ಲ. ರೀಚ್ ಮೇಲೆ ಪರಿಣಾಮ ಇಲ್ಲ ಅನ್ನುವವರು ಇದಕ್ಕೆ ಏನು ಹೇಳುತ್ತೀರಿ?

ಲೆಕ್ಕದ_ಪುಸ್ತಕ

ಅದು ನಿಯಮವೇ. 2024ರ ಅಕ್ಟೋಬರ್ 15ರಿಂದ ಮೂರು ನಿಮಿಷದವರೆಗಿನ ವಿಡಿಯೋ ಶಾರ್ಟ್ಸ್ ಆಯಿತಲ್ಲ, ಆಗಲೇ ಬಂದದ್ದು. ಒಂದು ನಿಮಿಷ ಮೀರಿದ ಶಾರ್ಟ್‌ಗೆ ಕ್ಲೇಮ್ ಇದ್ದರೆ ಅದು ಎಲ್ಲ ಕಡೆ ನಿಲ್ಲುತ್ತದೆ. ಆ ಸಂಗೀತ ತೆಗೆದರೆ ಅಥವಾ ಕ್ಲೇಮ್ ಬಿಟ್ಟರೆ ಮಾತ್ರ ಮತ್ತೆ ಓಡುತ್ತದೆ.

ಚುಟುಕು_ವಿಡಿಯೋ

ಒಂದು ನಿಮಿಷದೊಳಗಿನದಕ್ಕೆ ಶಾರ್ಟ್ಸ್ ಲೈಬ್ರರಿಯ ಹಾಡು ಹಾಕಿದರೆ ನಮ್ಮ ಪಾಲು ಅರ್ಧ ಆಗುತ್ತದೆ, ಅಲ್ವಾ? ಅದಕ್ಕೇ ನಾನು ಹಾಡು ಹಾಕುವುದನ್ನೇ ಬಿಟ್ಟಿದ್ದೇನೆ.

ಲೆಕ್ಕದ_ಪುಸ್ತಕ

ಅರ್ಧ ಸರಿ, ಅರ್ಧ ತಪ್ಪು. ಒಂದು ಹಾಡು ಇದ್ದರೆ ಆ ವ್ಯೂಸ್‌ಗೆ ಸೇರುವ ದುಡ್ಡಿನಲ್ಲಿ ಅರ್ಧ ಸಂಗೀತದ ಖರ್ಚಿಗೆ ಹೋಗುತ್ತದೆ, ಎರಡು ಇದ್ದರೆ ಮೂರರಲ್ಲಿ ಎರಡು ಭಾಗ. ಆದರೆ ಅದು ನಿಮ್ಮ ಜೇಬಿನಿಂದ ನೇರವಾಗಿ ಹೋಗುವುದಲ್ಲ. ಎಲ್ಲರ ದುಡ್ಡು ಸೇರುವ ದೊಡ್ಡ ಗಂಟಿನಿಂದ ಹೋಗುತ್ತದೆ. ಉಳಿದ ಗಂಟನ್ನು ವ್ಯೂಸ್ ಪ್ರಕಾರ ಹಂಚಿ, ಪ್ರತಿಯೊಬ್ಬರಿಗೂ ಬಂದದ್ದರಲ್ಲಿ ನೂರಕ್ಕೆ 45 ಕೊಡುತ್ತಾರೆ. ಹಾಡು ಹಾಕಿದವರಿಗೂ 45, ಹಾಕದವರಿಗೂ 45. ನೀವು ಹಾಡು ಬಿಟ್ಟಿದ್ದರಿಂದ ನಿಮಗೇನೂ ಜಾಸ್ತಿ ಸಿಕ್ಕಿಲ್ಲ.

ಚುಟುಕು_ವಿಡಿಯೋ

ಅಯ್ಯೋ, ಒಂದು ವರ್ಷದಿಂದ ಹಾಡಿಲ್ಲದೆ ಮಾಡುತ್ತಿದ್ದೇನೆ.

ನೇರಮಾತು

ಮೇಡಂ, ತಕರಾರು ಹಾಕುವ ಬದಲು ಆ 22 ಸೆಕೆಂಡ್ ಮ್ಯೂಟ್ ಮಾಡಿಬಿಡಿ. ಕ್ಲೇಮ್ ತಾನಾಗಿ ಹೋಗುತ್ತದೆ. ಲಿಂಕ್ ಅದೇ, ವ್ಯೂಸ್ ಅದೇ. ಒಂದು ತಿಂಗಳು ಕಾಯುವ ತಲೆನೋವೇ ಇಲ್ಲ.

ಕತ್ತರಿ_ಕೈ

ಲೈಸೆನ್ಸ್ ಇಲ್ಲದವರಿಗೆ ಇದು ಒಳ್ಳೆಯ ದಾರಿ. ಆದರೆ ಎಲ್ಲಿ ಮ್ಯೂಟ್ ಮಾಡುತ್ತಿದ್ದೇವೆ ಅನ್ನುವುದನ್ನು ಯೋಚಿಸಿ. ಮೊದಲ 22 ಸೆಕೆಂಡ್! ನೋಡುವವರು ಉಳಿಯುವುದೋ ಹೋಗುವುದೋ ಅಲ್ಲೇ ನಿರ್ಧಾರವಾಗುತ್ತದೆ. ಹಾಡು ಮಾತ್ರ ತೆಗೆದು ಮಾತು ಉಳಿಸುವ ಆಯ್ಕೆ ಇದೆ, ಎಲ್ಲ ಶಬ್ದ ಮುಚ್ಚುವ ಆಯ್ಕೆಯೂ ಇದೆ. ಎರಡನೆಯದನ್ನು ಒತ್ತಿದರೆ ವಿಡಿಯೋ ಮೌನವಾಗಿ ಶುರುವಾಗುತ್ತದೆ. ಮೊಬೈಲ್ ಕೆಟ್ಟಿದೆಯಾ ಅಂತ ಜನ ಹೊರಟು ಹೋಗುತ್ತಾರೆ.

ಇದು ನಾನು ಕಣ್ಣಾರೆ ನೋಡಿದ ಪ್ರಕರಣ. ಒಂದು ಅಡುಗೆ ಚಾನೆಲ್, ಕ್ಲೇಮ್ ಇದ್ದಾಗ ರೀಚ್ ಚೆನ್ನಾಗಿತ್ತು. ಮ್ಯೂಟ್ ಮಾಡಿದ ಮೇಲೆ ಮೊದಲ ಅರ್ಧ ನಿಮಿಷದಲ್ಲೇ ಬಿಟ್ಟು ಹೋಗುವವರು ಜಾಸ್ತಿಯಾದರು. ಎರಡು ವಾರದಲ್ಲಿ ಇಂಪ್ರೆಷನ್ ಇಳಿಯತೊಡಗಿತು. ಅವರು ಕ್ಲೇಮ್‌ನಿಂದ ರೀಚ್ ಬಿತ್ತು ಅಂತ ಎಲ್ಲರಿಗೂ ಹೇಳುತ್ತಿದ್ದರು. ನಾನು ಮ್ಯೂಟ್ ತೆಗೆದು, ಬೇರೆ ಟ್ಯೂನ್ ಹಾಕಿ, ಮಾತು ಕೇಳುವ ಹಾಗೆ ಮಾಡಿಕೊಟ್ಟೆ. ನಿಧಾನವಾಗಿ ಸರಿಯಾಯಿತು, ಪೂರ್ತಿ ಮೊದಲಿನಷ್ಟು ಆಗಲಿಲ್ಲ.

ಮತ್ತೆ ಮ್ಯೂಟ್ ಮಾಡಿದರೆ ಮುಂದಿನ ದುಡ್ಡು ಬರುತ್ತದೆ, 20 ದಿನದ ಹಿಂದಿನದು ಹೇಗೂ ಬರುವುದಿಲ್ಲ. ಲೈಸೆನ್ಸ್ ಇರುವಾಗ ನಾವೇ ಯಾಕೆ ಒಳ್ಳೆಯ ವಿಡಿಯೋ ಹಾಳು ಮಾಡಿಕೊಳ್ಳಬೇಕು?

ತಾಳ_ಮೇಳ

ಸರಿಯಾದ ಮಾತು. ತಕರಾರು ಬರೆಯುವಾಗ ಕಾರಣ ಲೈಸೆನ್ಸ್ ಅಂತಲೇ ಆರಿಸಿ ಮೇಡಂ. ನಾನು ದುಡ್ಡು ಮಾಡುತ್ತಿಲ್ಲ, ಸಂಗೀತಗಾರರ ಹೆಸರು ಹಾಕಿದ್ದೇನೆ, ಇಂಥದ್ದೆಲ್ಲ ಬರೆಯಬೇಡಿ. ಅವು ಲೆಕ್ಕಕ್ಕೆ ಬರುವುದಿಲ್ಲ. ಟ್ಯೂನ್ ಹೆಸರು, ಲೈಸೆನ್ಸ್ ಸಂಖ್ಯೆ, ತಗೊಂಡ ದಿನ, ಯಾವ ಚಾನೆಲ್‌ಗೆ ತಗೊಂಡಿದ್ದು, ಇಷ್ಟು ಬರೆದರೆ ಆ ಕಡೆ ಕೂತವರಿಗೆ ಎರಡು ನಿಮಿಷದ ಕೆಲಸ.

ನೇರಮಾತು

ತಕರಾರು ಸೋತರೆ ಸ್ಟ್ರೈಕ್ ಬರುತ್ತದೆ. ಇದನ್ನೂ ಹೇಳಿ ಸರ್, ಒಳ್ಳೆಯದನ್ನು ಮಾತ್ರ ಹೇಳಬೇಡಿ.

ಕತ್ತರಿ_ಕೈ

ಹೇಳುತ್ತೇನೆ. ಆದರೆ ನೇರವಾಗಿ ಹಾಗಾಗುವುದು ಅಪರೂಪ. ಮೊದಲ ತಕರಾರಿಗೆ ಉತ್ತರ ಕೊಡಲು ಅವರಿಗೆ 30 ದಿನ ಇದೆ. ಉತ್ತರ ಕೊಡದಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ಅವರು ಒಪ್ಪದಿದ್ದರೆ ಕ್ಲೇಮ್ ಹಾಗೇ ಉಳಿಯುತ್ತದೆ. ಆಗ ನೀವು ಮೇಲ್ಮನವಿ ಹಾಕಬಹುದು, ಅದಕ್ಕೆ ಅವರಿಗೆ 7 ದಿನ. ಆ ಹಂತದಲ್ಲಿ ಅವರು ಬಿಡದೆ ವಿಡಿಯೋ ತೆಗೆಸುವ ಕೋರಿಕೆ ಕೊಟ್ಟರೆ ಸ್ಟ್ರೈಕ್ ಬರಬಹುದು. ಅಂದರೆ ಮೇಲ್ಮನವಿಗೆ ಹೋಗುವ ಮುಂಚೆ ಚೆನ್ನಾಗಿ ಯೋಚಿಸಬೇಕು. ಲೈಸೆನ್ಸ್ ಇಲ್ಲದೆ ಸುಮ್ನೆ ಹಾಕುವವರಿಗೆ ಇದು ಅಪಾಯವೇ.

ಇನ್ನೊಂದು ಮಾತು. ಕ್ಲೇಮ್‌ಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆಗೆ ಮಾತ್ರ ಜನ ತಕರಾರು ಹಾಕುತ್ತಾರೆ. ಹಾಕಿದವರಲ್ಲಿ ನೂರಕ್ಕೆ 60ಕ್ಕಿಂತ ಜಾಸ್ತಿ ಗೆಲ್ಲುತ್ತಾರೆ. ಯೂಟ್ಯೂಬ್ ಹೊರಗೆ ಹಾಕುವ ವರದಿಯಲ್ಲೇ ಇದು ಇದೆ.

ಹೊಸ_ಚಾನೆಲ್

ಸುಳ್ಳು ಕ್ಲೇಮ್ ಹಾಕಿ ದುಡ್ಡು ಹೊಡೆಯುವವರೂ ಇದ್ದಾರೆ ಅಂತ ಕೇಳಿದ್ದೇನೆ. ನಿಜವಾ?

ಲೆಕ್ಕದ_ಪುಸ್ತಕ

ನಿಜ. ಅಮೆರಿಕದ ಅರಿಜೋನಾದಲ್ಲಿ ಇಬ್ಬರ ಮೇಲೆ 2021ರಲ್ಲಿ ಮೊಕದ್ದಮೆ ಆಯಿತು. ತಮ್ಮದಲ್ಲದ ಸುಮಾರು 50,000 ಹಾಡುಗಳನ್ನು ತಮ್ಮವು ಅಂತ ಹೇಳಿ ವರ್ಷಗಟ್ಟಲೆ 2 ಕೋಟಿ ಡಾಲರ್‌ಗೂ ಮೀರಿ ತಗೊಂಡಿದ್ದರು. ಇಬ್ಬರೂ ಆಮೇಲೆ ತಪ್ಪು ಒಪ್ಪಿಕೊಂಡರು. ಹಾಡು ಮಾಡಿದವರ ರಿಪೋರ್ಟಿನಲ್ಲಿ ಇರಬೇಕಾದ ದುಡ್ಡು ಅದು.

ಮರದ_ಮೇಜು

15ನೇ ತಾರೀಖು. ಏನಾಯಿತು ಅಂತ ಹೇಳುತ್ತೇನೆ.

4ಕ್ಕೆ ತಕರಾರು ಹಾಕಿದೆ. ತಾಳ_ಮೇಳ ಅವರು ಹೇಳಿದ ನಾಲ್ಕು ವಿಷಯ ಮಾತ್ರ ಬರೆದೆ. ಲೈಬ್ರರಿಯವರಿಗೂ ಮೇಲ್ ಮಾಡಿದೆ. 13ಕ್ಕೆ ಕ್ಲೇಮ್ ಬಿಟ್ಟರು. ಹಸಿರು ಡಾಲರ್ ವಾಪಸ್ ಬಂತು!

ಆದರೆ ಒಂದು ಗಾಬರಿ ಆಯಿತು. 4ರಿಂದ 12ರವರೆಗೆ, ಆ 9 ದಿನವೂ ವಿಡಿಯೋ ಎದುರಿಗೆ ಆದಾಯ ಸೊನ್ನೆ. ತೆಗೆದಿಟ್ಟ ದುಡ್ಡು ಎಲ್ಲೋ ಒಂದು ಕಡೆ ಕಾಣುತ್ತದೆ ಅಂದುಕೊಂಡಿದ್ದೆ. ಎಲ್ಲೂ ಇಲ್ಲ. 9 ದಿನ, ದಿನಕ್ಕೆ 12, ಒಟ್ಟು 108 ಆಗಬೇಕು. ಹೋಯಿತಾ ಅದು?

ಕತ್ತರಿ_ಕೈ

ಹೋಗಿಲ್ಲ. ತಕರಾರು ನಡೆಯುವಾಗ ಆ ದುಡ್ಡು ನಿಮ್ಮದೂ ಅಲ್ಲ, ಅವರದೂ ಅಲ್ಲ. ಅದಕ್ಕೇ ಅಂದಾಜು ಆದಾಯದ ಗೆರೆಯಲ್ಲಿ ಕಾಣುವುದಿಲ್ಲ. ಸ್ಟುಡಿಯೋದಲ್ಲಿ ನೋಡುವುದೆಲ್ಲ ಅಂದಾಜು ಅಂತ ನೆನಪಿಡಿ. ಕ್ಲೇಮ್, ತಕರಾರು, ನಕಲಿ ಕ್ಲಿಕ್, ಇದಕ್ಕೆಲ್ಲ ಆಮೇಲೆ ಹೊಂದಾಣಿಕೆ ಆಗುತ್ತದೆ. ಪಕ್ಕಾ ಅಂಕಿ ಆಡ್‌ಸೆನ್ಸ್ ಖಾತೆಗೆ ಬರುವುದು ಮುಂದಿನ ತಿಂಗಳು 7ರಿಂದ 12ರ ಒಳಗೆ. ಈಗಿನ ತಿಂಗಳ ಅಂದಾಜು ಅಂಕಿಯನ್ನು ಬರೆದಿಟ್ಟುಕೊಳ್ಳಿ. ಆಗ ಬಂದದ್ದನ್ನು ಅದರ ಪಕ್ಕ ಇಟ್ಟು ನೋಡಿ.

ಲೆಕ್ಕದ_ಪುಸ್ತಕ

ನನ್ನ ಸಲಹೆ, ಎರಡು ದಿನ ಬಿಟ್ಟು ಆ ವಿಡಿಯೋದ ಅಂಕಿಗಳನ್ನು ದಿನದ ಪ್ರಕಾರ ಡೌನ್‌ಲೋಡ್ ಮಾಡಿ ಇಡಿ. ಮುಂದಿನ ತಿಂಗಳು ಮತ್ತೊಮ್ಮೆ ಮಾಡಿ. ಎರಡನ್ನೂ ಹೋಲಿಸಿದರೆ ಹೊಂದಾಣಿಕೆ ಆಗಿದೆಯಾ ಅಂತ ಗೊತ್ತಾಗುತ್ತದೆ.

ರಾತ್ರಿ_ಪಾಳಿ

ಮರದ_ಮೇಜು ಅಕ್ಕ, ನಿಮ್ಮ ಇಂಪ್ರೆಷನ್ ಈಗ ಹೇಗಿದೆ? ಕ್ಲೇಮ್ ಹೋದ ಮೇಲೆ ಏನಾದರೂ ಏರಿದೆಯಾ?

ಮರದ_ಮೇಜು

ಇಲ್ಲ ತಮ್ಮ, ಏರಿಲ್ಲ, ಇಳಿದೂ ಇಲ್ಲ. ಕ್ಲೇಮ್‌ಗೆ ಮುಂಚೆ, ಕ್ಲೇಮ್ ಇದ್ದಾಗ, ಹೋದ ಮೇಲೆ, ಮೂರೂ ಸಮಯದ ಗೆರೆ ಒಂದೇ ಥರ ಇದೆ. ನಿಮ್ಮ 200ಕ್ಕೆ ನನ್ನ ಗ್ರಾಫ್‌ನಲ್ಲಿ ಉತ್ತರ ಇಲ್ಲ.

ಇವತ್ತು ಹಳೆಯ ಎಲ್ಲ ವಿಡಿಯೋ ಪಟ್ಟಿ ತೆರೆದು Copyright ಅಂತ ಫಿಲ್ಟರ್ ಹಾಕಿದೆ. ಇನ್ನೂ ಎರಡು ಸಿಕ್ಕಿತು. ಒಂದಕ್ಕೆ ಬಂದು ಎಂಟು ತಿಂಗಳಾಗಿದೆ, ದಿನಕ್ಕೆ 40 ವ್ಯೂಸ್ ಬರುವ ವಿಡಿಯೋ, ಅದಕ್ಕೇ ಗೊತ್ತಾಗಿರಲಿಲ್ಲ. ಇನ್ನೊಂದಕ್ಕೆ ಮೊನ್ನೆ ಬಂದಿದೆ, ಇವತ್ತಿಗೆ ಮೂರನೇ ದಿನ. ಅದೇ ಲೈಬ್ರರಿಯ ಬೇರೆ ಟ್ಯೂನ್. ಲೈಸೆನ್ಸ್ ಪತ್ರ ತೆಗೆದಿಟ್ಟು ಈಗಲೇ ತಕರಾರು ಬರೆಯುತ್ತಿದ್ದೇನೆ.